ಅನುಕಲದ ಸ್ಥಾನದಲ್ಲಿ ಮೊತ್ತ

ಅಜ್ಞಾತ ಫಲನವು ಅನುಕಲದ ಒಳಗೂ ಹೊರಗೂ ಏಕಕಾಲದಲ್ಲಿ ನೆಲೆಸಿರುವ x(s) − ∫k(s,t)x(t)dt = f(s) ಎಂಬ ಸಮೀಕರಣಕ್ಕೆ ದ್ವಿತೀಯ ವಿಧದ ಅನುಕಲ ಸಮೀಕರಣವೆಂದು ಹೆಸರು. ಸ್ವೀಡನ್ನಿನ ಫ್ರೆಡ್‌ಹೋಮ್ 1903ರಲ್ಲಿ ಇದರ ಸಿದ್ಧಾಂತವನ್ನು ಪ್ರಕಟಿಸಿದಾಗ, ಅನುಕಲವನ್ನು ಮೊತ್ತವಾಗಿ ಒಡೆದು ದೊರೆಯುವ ರೇಖೀಯ ಸಮೀಕರಣಗಳು ಆತನಿಗೆ ಸೀಮೆಯನ್ನು ಮುಟ್ಟಲು ಏರಿ ಬಿಡತಕ್ಕ ಮೆಟ್ಟಿಲಾಗಿದ್ದುವು. ಆ ಮೊತ್ತದಲ್ಲಿಯೇ ನಿಂತು ಲೆಕ್ಕಮಾಡಬಹುದೆಂದೂ, ಮೊತ್ತದ ಸೂತ್ರವು ಉತ್ತಮವಾದರೆ ಕೆಲವೇ ಬಿಂದುಗಳು ಸಾಕೆಂದೂ 1930ರಲ್ಲಿ ತೋರಿಸಿದವನು ಫಿನ್ಲೆಂಡಿನ ನ್ಯೂಸ್ಟ್ರೋಮ್. ಬಿಂದುಗಳಲ್ಲಿ ದೊರೆತ ಬೆಲೆಗಳನ್ನು ಅದೇ ಸಮೀಕರಣದೊಳಗಿಟ್ಟು, ಉಳಿದೆಡೆಯ ಬೆಲೆಗಳನ್ನೂ ಆತನು ಪಡೆದನು.

ಒಂದು ಉದಾಹರಣೆಯನ್ನು ಕೈಯಿಂದಲೇ ಲೆಕ್ಕಹಾಕಿ ನೋಡೋಣ. 0ಯಿಂದ 1ರವರೆಗೆ k = st, f = eˢ − s ಆಗಿರಲಿ; ∫t·eᵗdt = 1 ಆದುದರಿಂದ ನಿಜವಾದ ಉತ್ತರ eˢ. ಅನುಕಲಕ್ಕೆ ಬದಲಾಗಿ Q ಎಂಬ ಸೂತ್ರವನ್ನಿಟ್ಟರೆ, ಉತ್ತರದ ದೋಷವು ಅಂದಾಜಿಲ್ಲದೆ ನಿಖರವಾಗಿ ಹೀಗೆ ದೊರೆಯುತ್ತದೆ:

s · (Q[t·eᵗ] − 1) / (1 − Q[t²])

ಅಂಶದಲ್ಲಿರುವುದು ಸೂತ್ರವು ನಿಜವಾದ ಉತ್ತರದ ಮೇಲೆ ಮಾಡಿದ ತಪ್ಪು ಮಾತ್ರ. ಛೇದವು ಸುಮಾರು ಮೂರನೆಯ ಎರಡು ಭಾಗ. ಮೂರೇ ಬಿಂದುಗಳಲ್ಲಿ, s = 1 ಎಂಬಲ್ಲಿ, ತ್ರಾಪಿಜ್ಯ ಸೂತ್ರದ ದೋಷ 0.147, ಅವೇ ಮೂರು ಬಿಂದುಗಳಲ್ಲಿ ಸಿಂಪ್ಸನ್ ಸೂತ್ರದ್ದು 0.0039, ಬಿಂದುಗಳನ್ನೇ ಬೇರೆಡೆ ಆರಿಸುವ ಗೌಸ್ ಸೂತ್ರದ್ದು ಗಾತ್ರದಲ್ಲಿ ಸುಮಾರು 0.000008. ಬಿಡಿಸಬೇಕಾದ ಸಮೀಕರಣಗಳು ಮೂರು ಸಂದರ್ಭಗಳಲ್ಲಿಯೂ ಮೂರೇ ಎಂಬುದನ್ನು ನೆನೆದರೆ, ಲಾಭವೆಲ್ಲವೂ ಸೂತ್ರದ ನಿಖರತೆಯಿಂದಲೇ ಬಂದಿತೆಂಬುದು ಸ್ಪಷ್ಟ.

ಇದು ಸಾರ್ವತ್ರಿಕವೆಂದು ಸಾಧಿಸುವುದು ಸುಲಭವಾಗಲಿಲ್ಲ. ಅನುಕಲ ಪರಿಕರ್ಮಿ K ಗೂ ಮೊತ್ತದ ಪರಿಕರ್ಮಿ Kₙ ಗೂ ಇರುವ ವ್ಯತ್ಯಾಸದ ಮಾನವು ಎಷ್ಟು ಬಿಂದುಗಳನ್ನು ತೆಗೆದುಕೊಂಡರೂ K ಯ ಮಾನಕ್ಕಿಂತ ಕಡಿಮೆಯಾಗದು. ಏಕೆಂದರೆ ಆ ಬಿಂದುಗಳಲ್ಲಿ ಮಾತ್ರ ಶೂನ್ಯವಾಗಿ ಇಳಿಯುವ ಫಲನವನ್ನು ಮೊತ್ತವು ಕಾಣಲಾರದು. ಆದರೆ Kₙ ಒಮ್ಮೆ ಮೃದುಗೊಳಿಸಿದ ಫಲನಗಳ ಮೇಲೆ, ಎಂದರೆ (K − Kₙ)Kₙ ಎಂಬಲ್ಲಿ, ವ್ಯತ್ಯಾಸವು ಶೂನ್ಯವನ್ನು ಸೇರುವುದು. ಬ್ರಾಖಾಗೆ 1960ರಲ್ಲಿಯೂ, ಆನ್ಸೆಲೋನ್ ಮತ್ತು ಮೂರ್ 1964ರಲ್ಲಿಯೂ ಈ ಹಾದಿಯನ್ನು ಬೆಳೆಸಿದರು. ಮೂಲ ಸಮೀಕರಣಕ್ಕೆ ಏಕೈಕ ಉತ್ತರವಿದ್ದು n ಸಾಕಷ್ಟು ದೊಡ್ಡದಾದರೆ, ‖x − xₙ‖ ≤ C‖(K − Kₙ)x‖. ಈ ಚಿಕ್ಕ ಅಸಮತೆಯನ್ನು ಈ ವಿಧಾನದ ಹೃದಯವೆಂದು ನಾನು ಭಾವಿಸುತ್ತೇನೆ: ಬಲಗಡೆ ನಿಂತಿರುವುದು ಬರಿಯ ಸೂತ್ರದೋಷ.

ಆದುದರಿಂದ ಸೂತ್ರ ಸೋತಲ್ಲಿ ವಿಧಾನವೂ ಸೋಲುವುದು. ಬೀಜವಾದ k ಯು s = t ಎಂಬ ಕರ್ಣದ ಮೇಲೆ ಮುರಿದ ಮೂಲೆಯನ್ನು ಹೊಂದಿದ್ದರೆ, ಬಿಂದುಗಳ ಅಂತರವನ್ನು ಅರ್ಧಗೊಳಿಸಿದಾಗ ಸಿಂಪ್ಸನ್ ದೋಷವು ಹದಿನಾರನೆಯ ಒಂದು ಪಾಲಿಗೆ ಇಳಿಯುವ ಬದಲು ನಾಲ್ಕನೆಯ ಒಂದು ಪಾಲಿಗೆ ಮಾತ್ರ ಇಳಿದೀತು. ಉತ್ತರ ಗೊತ್ತಿಲ್ಲದವನೂ ಮೂರು ಅನುಕ್ರಮ ಗಣನೆಗಳ ವ್ಯತ್ಯಾಸಗಳನ್ನು ಭಾಗಿಸಿ ಇದನ್ನು ಪತ್ತೆಹಚ್ಚಬಹುದು. ಬೀಜವು ln|s − t| ನಂತೆ ಅಲ್ಲಿ ಅನಂತವೇ ಆದರೆ, ಬಿಂದುಗಳನ್ನು ಹೆಚ್ಚಿಸುವುದಕ್ಕಿಂತ, ಆ ಲಾಗರಿತಮ್ಮನ್ನು ಸೂತ್ರದ ತೂಕಗಳಲ್ಲಿಯೇ ನಿಖರವಾಗಿ ಅನುಕಲಿಸಿ ಇಡುವುದೇ ಯುಕ್ತ.