ಹಗ್ಗ ಹೋಯಿತು, ಸುಳಿ ಎಲ್ಲಿ?

ನಾಯಿಯ ಫೋಟೋದಿಂದ ಹಗ್ಗ ತೆಗೆದುಕೊಡಿ ಎಂದು ಬರುವವರು ಈಗೀಗ ಸಲುಗೆಯಿಂದ ಒಂದು ಮಾತು ಸೇರಿಸುತ್ತಾರೆ: "ಅದೇನು, ಒಂದು ಕ್ಲಿಕ್ ಅಲ್ಲವಾ ಸಾರ್?" ತೆಗೆಯುವುದು ಒಂದೇ ಕ್ಲಿಕ್, ನಿಜ. ಆದರೆ ತೆಗೆದ ಮೇಲೆ ಅಲ್ಲಿ ಏನಿರುತ್ತದೆ? ಹಗ್ಗದ ಹಿಂದಿನ ಕೂದಲನ್ನು, ಹುಲ್ಲನ್ನು ಕ್ಯಾಮೆರಾ ನೋಡಿಯೇ ಇಲ್ಲ. ಅಲ್ಲಿರುವುದು ಬರೀ ತೂತು. ಆ ತೂತಿಗೆ ತೇಪೆಯನ್ನು ಎಲ್ಲಿಂದ ತರುವುದು ಎಂಬುದಕ್ಕೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಈ ಕಸುಬಿನ ಚರಿತ್ರೆ. ಅದನ್ನು ಸಾಫ್ಟ್‌ವೇರ್ ಬಿಡುಗಡೆಯ ತಾರೀಖುಗಳ ಪಟ್ಟಿ ಮಾಡಿಬಿಟ್ಟಿದ್ದಾರೆ.

ಫಿಲ್ಮ್ ಕಾಲದ್ದನ್ನು ಬೇಗ ಮುಗಿಸುತ್ತೇನೆ. ಸ್ಟುಡಿಯೋದ ಟಚಿಂಗ್ ಮೇಜಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಚೂಪು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಕಪ್ಪು ಹಗ್ಗ ನೆಗೆಟಿವ್‌ನಲ್ಲಿ ತೆಳುವಾಗಿ ಬೀಳುತ್ತದೆ, ಅದಕ್ಕೆ ಪೆನ್ಸಿಲ್ ತುಂಬಬೇಕು. ಬಿಳಿ ಹಗ್ಗ ದಟ್ಟವಾಗಿ ಬೀಳುತ್ತದೆ, ಅದನ್ನು ಚಾಕುವಿನಿಂದ ಕೆರೆಯಬೇಕು. ಕೆರೆದದ್ದು ಹೆಚ್ಚಾದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಅವರು ತೇಪೆಯನ್ನು ಎಲ್ಲಿಂದಲೂ ತರುತ್ತಿರಲಿಲ್ಲ, ಕೂದಲನ್ನು ನೋಡಿ ಕೂದಲು ಬರೆಯುತ್ತಿದ್ದರು. ಈ ಮಾತಿಗೆ ಮತ್ತೆ ಬರುತ್ತೇನೆ.

ತೇಪೆ ಹಾಕುವ ಕಾಲ ಶುರುವಾದದ್ದು 1990ರಲ್ಲಿ ಬಂದ ಫೋಟೋಶಾಪ್‌ನ ರಬ್ಬರ್ ಸ್ಟ್ಯಾಂಪ್‌ನಿಂದ. ಇಂದಿನ ಕ್ಲೋನ್ ಸ್ಟ್ಯಾಂಪ್ ಅದೇ. ಒಂದು ಕಡೆಯ ಚಿತ್ರವನ್ನು ಎತ್ತಿ ಇನ್ನೊಂದು ಕಡೆ ಇಡುತ್ತದೆ, ಅಷ್ಟೇ. 1994ರಲ್ಲಿ ಲೇಯರ್ ಬಂದ ಮೇಲೆ ಮೂಲ ಚಿತ್ರವನ್ನು ಮುಟ್ಟದೆ ಮೇಲೊಂದು ಖಾಲಿ ಹಾಳೆಯಲ್ಲಿ ತೇಪೆ ಹಾಕುವಂತಾಯಿತು. ನಾವು ಕಸುಬು ಕಲಿತದ್ದು ಈ ಎರಡರಲ್ಲೇ. ಹುಲ್ಲಿನ ಪಾಠವನ್ನು ಕಲಿಸಿದ್ದೂ ಇವೇ. ಹಗ್ಗದ ಪಕ್ಕದಲ್ಲೇ ಚಂದದ ಹುಲ್ಲಿದೆ ಎಂದು ಮೇಲಿನಿಂದಲೋ ಕೆಳಗಿನಿಂದಲೋ ಎತ್ತಿ ಇಟ್ಟರೆ ತೇಪೆ ಎದ್ದು ಕಾಣುತ್ತದೆ. ಏಕೆಂದರೆ ಫೋಟೋದಲ್ಲಿ ಮೇಲಕ್ಕೆ ಹೋದಷ್ಟೂ ನೆಲ ಕ್ಯಾಮೆರಾದಿಂದ ದೂರ ಹೋಗುತ್ತದೆ, ಎಸಳು ಸಣ್ಣದಾಗುತ್ತದೆ, ಫೋಕಸ್ ಬಿಟ್ಟುಹೋಗುತ್ತದೆ. ಹುಲ್ಲನ್ನು ಯಾವಾಗಲೂ ಅಡ್ಡಡ್ಡ, ಅದೇ ಸಾಲಿನಿಂದ ತರಬೇಕು. ಒಂದೇ ಜಾಗದಿಂದ ಮೂರು ಸಲ ತಂದರೂ ಕೆಟ್ಟಿತು. ನನ್ನದೊಂದು ಫೋಟೋದಲ್ಲಿ ಒಂದೇ ಒಣಗಿದ ಎಲೆ ಸಾಲಾಗಿ ಮೂರು ಕಡೆ ಬಿದ್ದಿತ್ತು. ಕಂಡುಹಿಡಿದದ್ದು ಗಿರಾಕಿಯ ಮಗು. ಅಂದಿನಿಂದ ಕೆಲಸ ಮುಗಿದ ಮೇಲೆ ಚಿತ್ರವನ್ನು ಎಡಬಲ ಮಗುಚಿ ಒಮ್ಮೆ ನೋಡುತ್ತೇನೆ. ಕಣ್ಣಿಗೆ ಪಳಗಿದ್ದು ಹೊಸದಾಗುತ್ತದೆ, ಜೋಡಿ ಎಲೆಗಳು ಸಿಕ್ಕಿಬೀಳುತ್ತವೆ.

2002ರ ಏಳನೇ ಆವೃತ್ತಿಯಲ್ಲಿ ಹೀಲಿಂಗ್ ಬ್ರಷ್ ಬಂತು. ಇದು ಒಂದು ಕಡೆಯ ನೇಯ್ಗೆಯನ್ನು ತಂದು, ಇಟ್ಟ ಜಾಗದ ಸುತ್ತಲಿನ ಬಣ್ಣ ಬೆಳಕಿಗೆ ಹೊಂದಿಸುತ್ತದೆ. ಮುಖದ ಮೊಡವೆಗೆ ವರ, ಹಗ್ಗಕ್ಕೆ ಶಾಪ. ಕೆಂಪು ಹಗ್ಗದ ಅಂಚು ಒಂದಿಷ್ಟು ಉಳಿದಿದ್ದರೂ ಆ ಕೆಂಪು ತೇಪೆಯೊಳಗೆಲ್ಲ ಹಬ್ಬಿ ತುಪ್ಪಳ ಕುಂಕುಮ ಚೆಲ್ಲಿದ ಹಾಗಾಗುತ್ತದೆ. ಅಂಚನ್ನು ಮೊದಲು ಕ್ಲೋನ್‌ನಿಂದ ಮುಚ್ಚಿ, ಆಮೇಲೆ ಒಳಗೆ ಹೀಲಿಂಗ್ ಆಡಿಸಬೇಕು ಎಂಬುದು ಗೊತ್ತಾಗಲು ನಮಗೆ ಬಹಳ ದಿನ ಹಿಡಿಯಿತು.

ಅದೇ ಹೊತ್ತಿಗೆ ಗಣಕವಿಜ್ಞಾನಿಗಳು ತೂತು ತುಂಬುವ ಕೆಲಸವನ್ನು ಯಂತ್ರಕ್ಕೇ ಕಲಿಸುತ್ತಿದ್ದರು. 1999ರಲ್ಲಿ ಎಫ್ರೋಸ್ ಮತ್ತು ಲಿಯಂಗ್ ತೋರಿಸಿದ ದಾರಿ ಸರಳ: ತೂತಿನ ಅಂಚಿನ ಒಂದೊಂದು ಚುಕ್ಕೆಗೂ ಅದರ ನೆರೆಹೊರೆಯನ್ನೇ ಹೋಲುವ ಜಾಗವನ್ನು ಚಿತ್ರದಲ್ಲಿ ಹುಡುಕಿ, ಅಲ್ಲಿಂದ ಚುಕ್ಕೆ ತರುವುದು. 2000ರಲ್ಲಿ ಬೆರ್ಟಾಲ್ಮಿಯೊ ಮತ್ತು ಸಂಗಡಿಗರು ಅಂಚಿನ ಗೆರೆಗಳನ್ನು ತೂತಿನೊಳಕ್ಕೆ ಎಳೆದರು. ಗೀರು, ಅಕ್ಷರ ಅಳಿಸಲು ಸೊಗಸು, ಹುಲ್ಲಿಗೆ ಮಾತ್ರ ನುಣುಪು ಬಳಿದಂತಾಗುತ್ತಿತ್ತು. ಚುಕ್ಕೆಯ ಬದಲು ಹೋಲುವ ತುಣುಕುಗಳನ್ನೇ ಹುಡುಕುವ ಕೆಲಸವನ್ನು 2009ರ ಪ್ಯಾಚ್‌ಮ್ಯಾಚ್ ಎಷ್ಟೋ ಪಟ್ಟು ಚುರುಕು ಮಾಡಿತು. ಮರುವರ್ಷವೇ ಫೋಟೋಶಾಪ್‌ಗೆ ಕಂಟೆಂಟ್ ಅವೇರ್ ಫಿಲ್ ಬಂತು. ಹುಲ್ಲಿನ ಮಟ್ಟಿಗೆ ಅಲ್ಲಿಗೆ ಅರ್ಧ ಜಗಳ ಮುಗಿಯಿತು ಎಂದು ಒಪ್ಪುತ್ತೇನೆ. ಹುಲ್ಲು ಎಲ್ಲಿ ನೋಡಿದರೂ ಹುಲ್ಲೇ.

ತುಪ್ಪಳ ಹಾಗಲ್ಲ. ಈಚೆಗೆ ಮಾಡಿದ ಒಂದು ಗೋಲ್ಡನ್ ರಿಟ್ರೀವರ್ ಚಿತ್ರವನ್ನೇ ಹೇಳುತ್ತೇನೆ. ಕೆಂಪು ನೈಲಾನ್ ಹಗ್ಗ ಕತ್ತಿನ ಬೆಲ್ಟಿನಿಂದ ಹೊರಟು ಎದೆಯ ಮೇಲೆ ಓರೆಯಾಗಿ ಇಳಿದು, ಹುಲ್ಲಿನ ಮೇಲೆ ಹಾದು, ಬಲಮೂಲೆಯಲ್ಲಿ ಚಿತ್ರದಾಚೆ ಹೋಗಿತ್ತು. ಮೊದಲು ಹುಲ್ಲನ್ನು ಪೂರ್ತಿ ಮುಗಿಸಿದೆ. ನಾಯಿಯ ಅಂಚಿನಲ್ಲಿ ನಿಲ್ಲಿಸದೆ ಹುಲ್ಲನ್ನು ತುಪ್ಪಳದ ಮೇಲೂ ಸ್ವಲ್ಪ ದಾಟಿಸಿದೆ, ಏಕೆಂದರೆ ಕೂದಲ ತುದಿಗಳ ಸಂದಿಯಲ್ಲಿ ಕಾಣಬೇಕಾದ್ದು ಆ ಹುಲ್ಲೇ. ಹಗ್ಗದ ನೆರಳೂ ಹುಲ್ಲಿನ ಮೇಲೆ ಬಿದ್ದಿತ್ತು. ಹಗ್ಗ ತೆಗೆದು ನೆರಳು ಮರೆಯುವವರೇ ಹೆಚ್ಚು.

ಆಮೇಲೆ ಎದೆ. ಅಲ್ಲಿನ ಕೂದಲು ಕತ್ತಿನಿಂದ ಕೆಳಕ್ಕೆ, ಪಕ್ಕಗಳಲ್ಲಿ ಹೊರಕ್ಕೆ ಬೀಳುತ್ತದೆ. ಎಡದಿಂದ ತಂದ ತುಣುಕನ್ನು ನಡುವೆ ಇಟ್ಟರೆ ಅಷ್ಟು ಕೂದಲು ಅಡ್ಡ ಬಾಚಿದಂತೆ ನಿಲ್ಲುತ್ತದೆ. 2007ರಲ್ಲಿ ಬಂದ ಕ್ಲೋನ್ ಸೋರ್ಸ್ ಫಲಕದಲ್ಲಿ ತುಣುಕನ್ನು ಬೇಕಾದಷ್ಟು ತಿರುಗಿಸಿ ಇಡಬಹುದು. ನನ್ನ ಲೆಕ್ಕದಲ್ಲಿ ಈ ಕೆಲಸಕ್ಕೆ ಸಿಕ್ಕ ದೊಡ್ಡ ಸಲಕರಣೆ ಅದೇ, ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಮೆತ್ತನೆಯ ಬ್ರಷ್‌ನಿಂದ ಮತ್ತೆಮತ್ತೆ ಸವರಿದರೆ ಒಂದರ ಮೇಲೊಂದು ಕೂತ ಕೂದಲು ಮಸುಕಾಗಿ ಮಂಜು ಕವಿಯುತ್ತದೆ. ಹಾಗಾಗಿ ಬ್ರಷ್ ಸಣ್ಣದಿರಬೇಕು, ಅಂಚು ಅರ್ಧ ಗಡಸಿರಬೇಕು. ಹಗ್ಗದ ಕೆಂಪು ಪಕ್ಕದ ಕೆನೆಬಣ್ಣದ ಕೂದಲಿಗೂ ಪ್ರತಿಫಲಿಸಿತ್ತು. ಕಲರ್ ಮೋಡ್‌ನ ಲೇಯರಿನಲ್ಲಿ ಕೆನೆಬಣ್ಣ ತೆಳುವಾಗಿ ಬಳಿದಾಗ ಅದು ಹೋಯಿತು. ಕೊನೆಗೆ ಹುಲ್ಲಿಗೆ ತಾಗುವ ಅಂಚಿನ ಕೂದಲನ್ನು ಎರಡು ಮೂರು ಪಿಕ್ಸೆಲ್ ಬ್ರಷ್‌ನಲ್ಲಿ ಒಂದೊಂದಾಗಿ, ತುದಿ ಸಣ್ಣಗಾಗುವಂತೆ ಎಳೆದೆ. ಟಚಿಂಗ್ ಮೇಜಿನ ಪೆನ್ಸಿಲ್ ಇಲ್ಲಿ ಮತ್ತೆ ಕೈಗೆ ಬಂತು.

2023ರಿಂದ ಫೋಟೋಶಾಪ್‌ನ ಜೆನರೇಟಿವ್ ಫಿಲ್ ತುಪ್ಪಳವನ್ನೂ ಹುಟ್ಟಿಸಿ ಕೊಡುತ್ತದೆ. ನುಣುಪಿಲ್ಲ, ಮಂಜಿಲ್ಲ, ಕೂದಲ ಓಟವೂ ಬಹುಪಾಲು ಸರಿ. ಆದರೆ ಅದು ಯಾವುದೋ ಒಂದು ನಾಯಿಯ ತುಪ್ಪಳ. ಈ ಗೋಲ್ಡನ್‌ನ ಎದೆಯಲ್ಲಿ ಬಲಕ್ಕೆ ವಾಲಿದ ಒಂದು ಸುಳಿ ಇತ್ತು, ಹಗ್ಗ ಸರಿಯಾಗಿ ಅದರ ಮೇಲೆಯೇ ಹಾದಿತ್ತು. ಸುಳಿ ನೋಡಿ ಎತ್ತು ಕೊಳ್ಳುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರೀಕ್ಷೆಗಾಗಿ ಕ್ಲಿಕ್ ಮಾಡಿ ತೋರಿಸಿದಾಗ ಮನೆಯೊಡತಿ, "ಚೆನ್ನಾಗಿದೆ, ಆದರೆ ಇದು ನಮ್ಮ ಬ್ರೂನೋ ಅನ್ನಿಸುತ್ತಿಲ್ಲ" ಎಂದರು. ಯಾಕೆಂದು ಅವರಿಗೂ ಹೇಳಲಾಗಲಿಲ್ಲ.

ತೂತು ತುಂಬುವ ಯಂತ್ರಗಳನ್ನು ಅಳೆಯುವುದು ಸಾಮಾನ್ಯವಾಗಿ ಮುಖ, ಕಟ್ಟಡ, ಬಯಲಿನ ಚಿತ್ರಗಳ ಮೇಲೆ, ಅದೂ ಹೆಚ್ಚಾಗಿ ನೋಡಿದವರಿಗೆ ನಿಜವೆನಿಸುತ್ತದೆಯೇ ಎಂದು. ಈ ನಾಯಿಯದೇ ಹೌದೇ ಎಂಬ ಪ್ರಶ್ನೆ ಅಲ್ಲಿ ಅಪರೂಪ.

ಸುಳಿ ಸಿಕ್ಕಿದ್ದು ಅವರ ಫೋನಿನಲ್ಲಿ. ಅದೇ ಸಂಜೆ ತೆಗೆದು ಬೇಡವೆಂದು ಬಿಟ್ಟಿದ್ದ ಒಂದು ಫೋಟೋದಲ್ಲಿ ಬ್ರೂನೋ ಕಣ್ಣು ಮುಚ್ಚಿತ್ತು, ಹಗ್ಗ ಎಡಗಡೆಗೆ ಸರಿದಿತ್ತು, ಎದೆ ತೆರೆದಿತ್ತು. ಬೆಳಕೂ ಅದೇ. ಆ ತುಣುಕನ್ನು ತಂದು ಸ್ವಲ್ಪ ತಿರುಗಿಸಿ ಕೂರಿಸಲು ಕಾಲು ಗಂಟೆ ಹಿಡಿಯಿತು. ಈಗ ಹಗ್ಗದ ಕೆಲಸಕ್ಕೆ ಯಾರು ಫೋನ್ ಮಾಡಿದರೂ ಮೊದಲು ಕೇಳುವುದು ಇದನ್ನೇ: ಹಾಳಾದ ಫೋಟೋಗಳನ್ನು ಅಳಿಸಿಲ್ಲ ತಾನೆ?