ಗೆರ್ಶ್‌ಗೋರಿನ್ ಬಿಲ್ಲೆಗಳು: ಅಡ್ಡಸಾಲಿನ ಮೊತ್ತದಿಂದ ಐಗೆನ್ ಮೌಲ್ಯದ ನೆಲೆ ಹಿಡಿದ ಬಗೆ

1949ರಲ್ಲಿ ಓಲ್ಗಾ ಟೌಸ್ಕಿ ‘ಅಮೆರಿಕನ್ ಮ್ಯಾಥಮೆಟಿಕಲ್ ಮಂತ್ಲಿ’ಯಲ್ಲಿ ಒಂದು ಪುಟ್ಟ ಲೇಖನ ಬರೆದರು. ನಿರ್ಧಾರಕಗಳ ಬಗೆಗಿನ ಒಂದೇ ಪ್ರಮೇಯವನ್ನು ಒಬ್ಬರಾದ ಮೇಲೊಬ್ಬರು ಹೊಸದಾಗಿ ಕಂಡುಹಿಡಿಯುತ್ತಲೇ ಬಂದಿದ್ದಾರೆ ಎಂಬುದು ಅದರ ವಸ್ತು. ಪ್ರಮೇಯ ಸರಳ. ಚೌಕ ಮಾತೃಕೆಯೊಂದರ ಪ್ರತಿ ಅಡ್ಡಸಾಲಿನಲ್ಲೂ ಕರ್ಣದ ಮೇಲಿರುವ ಸಂಖ್ಯೆಯ ಪರಿಮಾಣವು ಅದೇ ಸಾಲಿನ ಉಳಿದ ಸಂಖ್ಯೆಗಳ ಪರಿಮಾಣಗಳ ಮೊತ್ತಕ್ಕಿಂತ ದೊಡ್ಡದಾಗಿದ್ದರೆ, ಅದರ ನಿರ್ಧಾರಕ ಸೊನ್ನೆಯಾಗುವುದಿಲ್ಲ. 1881ರಲ್ಲಿ ಲೆವಿ ವಿದ್ಯುತ್ ಸಮತೋಲನದ ಪ್ರಶ್ನೆಯೊಂದನ್ನು ಬಿಡಿಸುವಾಗ ಇದರ ಒಂದು ರೂಪವನ್ನು ಕಂಡಿದ್ದರು. 1887ರಲ್ಲಿ ಡೆಪ್ಲಾಂಕ್ ಅದನ್ನು ವಿಸ್ತರಿಸಿದರು. 1900ರಲ್ಲಿ ಮಿಂಕೋವ್‌ಸ್ಕಿಗೆ ಸಂಖ್ಯಾಸಿದ್ಧಾಂತದಲ್ಲಿ ಅದು ಬೇಕಾಯಿತು. 1903ರಲ್ಲಿ ಹಡಮಾರ್ಡ್ ಅಲೆಗಳ ಪ್ರಸರಣವನ್ನು ಕುರಿತ ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡರು. ಇವರೆಲ್ಲರ ಪ್ರಶ್ನೆ ಒಂದೇ ಆಗಿತ್ತು: ನಿರ್ಧಾರಕ ಸೊನ್ನೆಯೋ ಅಲ್ಲವೋ?

ಆ ಪ್ರಶ್ನೆಯನ್ನು ತಿರುಗಿಸಿ ಹಾಕಿದವರು ಸೆಮ್ಯೋನ್ ಅರೊನೊವಿಚ್ ಗೆರ್ಶ್‌ಗೋರಿನ್. ಇಂದಿನ ಬೆಲರೂಸ್‌ನ ಪ್ರುಝಾನಿಯಲ್ಲಿ 1901ರಲ್ಲಿ ಹುಟ್ಟಿ, ಲೆನಿನ್‌ಗ್ರಾಡ್‌ನಲ್ಲಿ ಕೆಲಸ ಮಾಡಿ, 1933ರಲ್ಲಿ, ಇನ್ನೂ ಮೂವತ್ತೊಂದರ ಹರೆಯದಲ್ಲೇ ತೀರಿಕೊಂಡವರು. 1931ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಅವರ ಲೇಖನ ಆರೇ ಪುಟದ್ದು. λ ಎಂಬುದು A ಮಾತೃಕೆಯ ಐಗೆನ್ ಮೌಲ್ಯವಾದರೆ A − λI ಮಾತೃಕೆಯ ನಿರ್ಧಾರಕ ಸೊನ್ನೆ. ಹಾಗಿದ್ದ ಮೇಲೆ ಅದರ ಎಲ್ಲ ಸಾಲುಗಳಲ್ಲೂ ಕರ್ಣದ ಕೈ ಮೇಲಾಗಿರಲು ಸಾಧ್ಯವಿಲ್ಲ. ಕೊನೆಪಕ್ಷ ಒಂದು ಸಾಲಿನಲ್ಲಾದರೂ ಹೀಗಿರಲೇಬೇಕು:

|λ − a_ii| ≤ r_i

ಇಲ್ಲಿ r_i ಎಂಬುದು i ಸಾಲಿನಲ್ಲಿ ಕರ್ಣವನ್ನು ಬಿಟ್ಟು ಉಳಿದ ಪರಿಮಾಣಗಳ ಮೊತ್ತ. ಸಂಕೀರ್ಣ ಸಂಖ್ಯೆಗಳ ಸಮತಲದಲ್ಲಿ ಇದು a_ii ಕೇಂದ್ರವಾಗಿ, r_i ತ್ರಿಜ್ಯವಾಗಿರುವ ಬಿಲ್ಲೆ. ಎಲ್ಲ ಐಗೆನ್ ಮೌಲ್ಯಗಳೂ ಈ ಬಿಲ್ಲೆಗಳ ಒಕ್ಕೂಟದೊಳಗೇ ಇರುತ್ತವೆ. ನಿರ್ಧಾರಕದ ಮಾತೇ ಎತ್ತದೆಯೂ ಇದನ್ನು ಸಾಧಿಸಬಹುದು. λಗೆ ಸೇರಿದ ಐಗೆನ್ ಸದಿಶದ ಅತಿ ದೊಡ್ಡ ಘಟಕ ಎಷ್ಟನೆಯದೆಂದು ನೋಡಿ, ಅದೇ ಸಾಲಿನ ಸಮೀಕರಣವನ್ನು ಆ ಘಟಕದಿಂದ ಭಾಗಿಸಿದರೆ ಮುಗಿಯಿತು. ಉಳಿದ ಘಟಕಗಳ ಅನುಪಾತ ಯಾವುದೂ 1ನ್ನು ಮೀರದು. ಅಸಮತೆ ತಾನಾಗಿಯೇ ಬರುತ್ತದೆ.

ಒಂದು ಮಾತೃಕೆಯನ್ನೇ ತೆಗೆದುಕೊಳ್ಳೋಣ.

```
10  1  1
 1  4  1
 1  1  1
```

ಮೂರೂ ಸಾಲುಗಳ ತ್ರಿಜ್ಯ 2. ಮಾತೃಕೆ ಸಮಮಿತೀಯವಾದ್ದರಿಂದ ಐಗೆನ್ ಮೌಲ್ಯಗಳು ವಾಸ್ತವ ಸಂಖ್ಯೆಗಳು; ಬಿಲ್ಲೆಗಳ ಬದಲು ಸಂಖ್ಯಾರೇಖೆಯ ತುಂಡುಗಳನ್ನು ನೋಡಿದರೆ ಸಾಕು. ಅವು 8ರಿಂದ 12, 2ರಿಂದ 6, −1ರಿಂದ 3. ಮೊದಲನೆಯದು ಒಂಟಿಯಾಗಿ ನಿಂತಿದೆ, ಉಳಿದೆರಡು ಒಂದರ ಮೇಲೊಂದು ಬಿದ್ದಿವೆ.

ಪ್ರತಿ ಬಿಲ್ಲೆಯಲ್ಲೂ ಒಂದೊಂದು ಐಗೆನ್ ಮೌಲ್ಯ ಇರುತ್ತದೆಂದು ಭಾವಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಮೊದಲ ಸಾಲು 1, −1, ಎರಡನೆಯ ಸಾಲು 2, −1 ಆಗಿರುವ ಮಾತೃಕೆಯ ಐಗೆನ್ ಮೌಲ್ಯಗಳು i ಮತ್ತು −i. ಮೊದಲ ಬಿಲ್ಲೆಯ ಕೇಂದ್ರ 1, ತ್ರಿಜ್ಯವೂ 1. ಆದರೆ i ಆಗಲಿ −i ಆಗಲಿ ಆ ಕೇಂದ್ರದಿಂದ √2 ದೂರದಲ್ಲಿವೆ. ಅಂದರೆ ಆ ಬಿಲ್ಲೆ ಪೂರಾ ಖಾಲಿ! ಗೆರ್ಶ್‌ಗೋರಿನ್ ಹೇಳಿದ್ದು ಬೇರೆಯೇ: k ಬಿಲ್ಲೆಗಳು ಸೇರಿ ಉಳಿದವುಗಳಿಂದ ಪೂರ್ತಿ ಬೇರ್ಪಟ್ಟ ಗುಂಪಾಗಿದ್ದರೆ, ಆ ಗುಂಪಿನಲ್ಲಿ ಸರಿಯಾಗಿ k ಐಗೆನ್ ಮೌಲ್ಯಗಳಿರುತ್ತವೆ. ಕರ್ಣದಾಚೆಯ ಸಂಖ್ಯೆಗಳನ್ನೆಲ್ಲ ಸೊನ್ನೆಯಿಂದ ಅವುಗಳ ನಿಜಬೆಲೆಗೆ ಮೆಲ್ಲಗೆ ಬೆಳೆಸುತ್ತಾ ಹೋದರೆ ಬಿಲ್ಲೆಗಳು ಉಬ್ಬುತ್ತವೆ, ಐಗೆನ್ ಮೌಲ್ಯಗಳು ಜಿಗಿಯದೆ ಸರಿಯುತ್ತವೆ. ಬೇರ್ಪಟ್ಟ ಗುಂಪುಗಳ ನಡುವಿನ ತೆರಪನ್ನು ಅವು ದಾಟಲಾರವು. ಹಾಗಾಗಿ ನಮ್ಮ ಮಾತೃಕೆಯಲ್ಲಿ 8 ಮತ್ತು 12ರ ನಡುವೆ ಒಂದೇ ಒಂದು ಮೌಲ್ಯವಿದೆ.

ಆದರೆ ಈ ಅಂದಾಜು ಒರಟು. ಅದನ್ನು ಬಿಗಿ ಮಾಡುವ ಉಪಾಯವೂ ಅದೇ ಲೇಖನದಲ್ಲಿದೆ. ನನ್ನ ಮಟ್ಟಿಗೆ ಆ ಆರು ಪುಟಗಳ ತಿರುಳೇ ಅದು. ಒಂದು ಅಡ್ಡಸಾಲನ್ನು t ಎಂಬ ಧನ ಸಂಖ್ಯೆಯಿಂದ ಗುಣಿಸಿ, ಅದೇ ಕ್ರಮಾಂಕದ ಕಂಬಸಾಲನ್ನು tಯಿಂದ ಭಾಗಿಸಿದರೆ ಐಗೆನ್ ಮೌಲ್ಯಗಳು ಬದಲಾಗುವುದಿಲ್ಲ, ಕರ್ಣವೂ ಬದಲಾಗುವುದಿಲ್ಲ. ತ್ರಿಜ್ಯಗಳು ಮಾತ್ರ ಬದಲಾಗುತ್ತವೆ. ಮೊದಲ ಸಾಲಿಗೆ t = 1/4 ಹಾಕಿದರೆ ಅದರ ತ್ರಿಜ್ಯ 0.5ಕ್ಕೆ ಇಳಿಯುತ್ತದೆ, ಉಳಿದೆರಡರದು 5ಕ್ಕೆ ಏರುತ್ತದೆ. ಎರಡನೆಯ ತುಂಡು ಈಗ 9ರವರೆಗೆ ಬಂತು, ಮೊದಲನೆಯದು 9.5ರಿಂದ ಶುರು, ಇನ್ನೂ ತಾಗಿಲ್ಲ. ಆದ್ದರಿಂದ ದೊಡ್ಡ ಐಗೆನ್ ಮೌಲ್ಯ 9.5 ಮತ್ತು 10.5ರ ನಡುವೆ ಇರಲೇಬೇಕು. ನಿಜಬೆಲೆ ಸುಮಾರು 10.305.

ಮೂರನೆಯ ತುಂಡು −1ರಿಂದ 3ರವರೆಗಿತ್ತಲ್ಲ, ಅದರೊಳಗೆ ಸೊನ್ನೆ ಇದೆ. ಬರೀ ಬಿಲ್ಲೆ ನೋಡಿದರೆ ಈ ಮಾತೃಕೆಗೆ ವಿಲೋಮ ಇದೆಯೇ ಎಂದೂ ಹೇಳಲಾಗದು. ಮೂಲ ಮಾತೃಕೆಯ ಮೂರನೆಯ ಸಾಲಿಗೆ t = 0.4 ಹಾಕಿ ನೋಡಿ. ಆ ಸಾಲಿನ ತ್ರಿಜ್ಯ 0.8, ಉಳಿದೆರಡರದು 3.5. ತುಂಡುಗಳು 6.5ರಿಂದ 13.5, 0.5ರಿಂದ 7.5, 0.2ರಿಂದ 1.8. ಬೇರ್ಪಡಿಕೆ ಹಾಳಾಯಿತು ನಿಜ, ಆದರೆ ಮೂರೂ ಸೊನ್ನೆಯ ಬಲಕ್ಕೆ ಬಂದವು. ಎಲ್ಲ ಐಗೆನ್ ಮೌಲ್ಯಗಳೂ ಧನಾತ್ಮಕವೆಂದು ಬಹುಪದೋಕ್ತಿಯನ್ನು ಬರೆಯದೆಯೇ ಸಿದ್ಧವಾಯಿತು. ಉಳಿದೆರಡರ ನಿಜಬೆಲೆ ಸುಮಾರು 4.047 ಮತ್ತು 0.647. ಒಂದು ಪ್ರಶ್ನೆಗೆ ಹೊಂದುವ t ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದನ್ನು ಗಮನಿಸಬೇಕು.

ಈ ಉಪಾಯ ಕೆಲಸಕ್ಕೆ ಬಿದ್ದದ್ದು ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ. ಟೌಸ್ಕಿ ಆಗ ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿದ್ದ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ, ವಿಮಾನದ ರೆಕ್ಕೆಗಳ ಫ್ಲಟರ್ ಅಧ್ಯಯನ ಮಾಡುತ್ತಿದ್ದ ರಾಬರ್ಟ್ ಫ್ರೇಜರ್ ಅವರ ಗುಂಪಿನಲ್ಲಿದ್ದರು. ಒಂದು ವೇಗದಲ್ಲಿ ರೆಕ್ಕೆಯ ಕಂಪನ ತಣಿಯುತ್ತದೋ ಬೆಳೆಯುತ್ತದೋ ಎಂಬುದು ಐಗೆನ್ ಮೌಲ್ಯಗಳು ಸಮತಲದ ಯಾವ ಭಾಗದಲ್ಲಿವೆ ಎಂಬುದರ ಮೇಲೆ ನಿಂತಿದೆ. ಕೈಯಿಂದ ತಿರುಗಿಸುವ ಲೆಕ್ಕಯಂತ್ರಗಳ ಕಾಲದಲ್ಲಿ ಅವುಗಳನ್ನು ಪೂರ್ತಿ ಲೆಕ್ಕ ಹಾಕುವುದು ದೊಡ್ಡ ದುಡಿಮೆ. ಟೌಸ್ಕಿ ಗೆರ್ಶ್‌ಗೋರಿನ್ ಬಿಲ್ಲೆಗಳನ್ನು ಎತ್ತಿಕೊಂಡು, ಸಾಲುಗಳನ್ನು ಅಳತೆಗೆ ಹೊಂದಿಸಿ ಅವನ್ನು ಕಿರಿದು ಮಾಡಿ ಬಳಸಿದರು.

ಅಂಚಿನ ಪ್ರಶ್ನೆಯನ್ನು ತಿಳಿಯಾಗಿಸಿದವರೂ ಅವರೇ. ಕರ್ಣದಲ್ಲಿ 2, ಅದರ ಅಕ್ಕಪಕ್ಕ −1 ಇರುವ ಮಾತೃಕೆ ವ್ಯತ್ಯಾಸ ಸಮೀಕರಣಗಳಲ್ಲಿ ಪದೇ ಪದೇ ಬರುತ್ತದೆ. ನಡುವಣ ಸಾಲುಗಳ ತುಂಡು 0ಯಿಂದ 4. ಸೊನ್ನೆ ಅಂಚಿನ ಮೇಲೇ ಕೂತಿದೆ. ಅಡ್ಡಸಾಲು, ಕಂಬಸಾಲುಗಳನ್ನು ಒಂದೇ ಕ್ರಮದಲ್ಲಿ ಮರುಜೋಡಿಸಿ ಮಾತೃಕೆಯನ್ನು ಖಂಡ-ತ್ರಿಕೋನ ರೂಪಕ್ಕೆ ಒಡೆಯಲು ಬಾರದಿದ್ದರೆ, ಒಕ್ಕೂಟದ ಅಂಚಿನ ಬಿಂದುವೊಂದು ಐಗೆನ್ ಮೌಲ್ಯವಾಗಲು ಎಲ್ಲ ವೃತ್ತಗಳೂ ಅದರ ಮೂಲಕ ಹಾದುಹೋಗಬೇಕು ಎಂದು ಟೌಸ್ಕಿ ತೋರಿಸಿದರು. ಇಲ್ಲಿ ಮೊದಲ ಮತ್ತು ಕೊನೆಯ ಸಾಲುಗಳ ತುಂಡು 1ರಿಂದ 3, ಅವು ಸೊನ್ನೆಯನ್ನು ಮುಟ್ಟುವುದಿಲ್ಲ. ಹಾಗಾಗಿ ಸೊನ್ನೆ ಐಗೆನ್ ಮೌಲ್ಯವಲ್ಲ. ‘ಒಡೆಯಲು ಬಾರದಿದ್ದರೆ’ ಎಂಬ ಷರತ್ತನ್ನು ಕೈಬಿಟ್ಟರೆ ಮಾತು ಸುಳ್ಳಾಗುತ್ತದೆ: 1, −1 ಮತ್ತು −1, 1 ಎಂಬ ತುಂಡಿನ ಪಕ್ಕದಲ್ಲಿ, ನಂಟಿಲ್ಲದೆ, ಒಂದು 2 ಇಟ್ಟರೆ ಸೊನ್ನೆ ಐಗೆನ್ ಮೌಲ್ಯವಾಗಿಯೇ ಉಳಿಯುತ್ತದೆ.

ಬಹುಪದೋಕ್ತಿಯನ್ನು ದೂರವಿಡಲು ದುಡಿಮೆಯೊಂದೇ ಕಾರಣವಲ್ಲ. 1946ರಲ್ಲಿ ಅದೇ ಟೆಡಿಂಗ್ಟನ್ ಪ್ರಯೋಗಾಲಯ ಸೇರಿದ ಜೇಮ್ಸ್ ವಿಲ್ಕಿನ್‌ಸನ್, 1ರಿಂದ 20ರವರೆಗಿನ ಪೂರ್ಣಾಂಕಗಳು ಮೂಲಗಳಾಗಿರುವ ಬಹುಪದೋಕ್ತಿಯಲ್ಲಿ −210 ಎಂಬ ಒಂದು ಗುಣಾಂಕವನ್ನು 2⁻²³ರಷ್ಟು ಅಲುಗಿಸಿದರೂ ಹಲವು ಮೂಲಗಳು ಸಂಕೀರ್ಣ ಸಂಖ್ಯೆಗಳಾಗಿಬಿಡುತ್ತವೆಂದು ಮುಂದೆ ತೋರಿಸಿದರು. ಬಿಲ್ಲೆಗಳಿಗೆ ಆ ಕಾಟವಿಲ್ಲ. ಒಂದು ಸಂಖ್ಯೆ ಎಷ್ಟು ಅಲುಗಿದರೆ ಕೇಂದ್ರವೋ ತ್ರಿಜ್ಯವೋ ಹೆಚ್ಚೆಂದರೆ ಅಷ್ಟೇ ಅಲುಗುತ್ತದೆ. ಕರ್ಣಕ್ಕಿಂತ ಆಚೀಚಿನ ಸಂಖ್ಯೆಗಳೇ ಭಾರವಾಗಿರುವ ಮಾತೃಕೆಯಲ್ಲಿ ಮಾತ್ರ ಅವುಗಳಿಂದ ಹೆಚ್ಚು ಸಿಗುವುದಿಲ್ಲ. ಅಂಥಲ್ಲಿ ಮಾತೃಕೆಯನ್ನು ಮೊದಲು ಯಂತ್ರದಿಂದ ಕರ್ಣರೂಪದ ಹತ್ತಿರಕ್ಕೆ ತಂದು, ಆಮೇಲೆ ಉಳಿದ ಪುಡಿ ಸಂಖ್ಯೆಗಳ ಮೇಲೆ ಬಿಲ್ಲೆ ಎಳೆದು ದೋಷದ ಮಿತಿಯನ್ನು ಖಚಿತಪಡಿಸಿಕೊಳ್ಳುವುದೇ ವಿಲ್ಕಿನ್‌ಸನ್ 1965ರ ತಮ್ಮ ಗ್ರಂಥದಲ್ಲಿ ಹಿಡಿದ ದಾರಿ.