ಗಿಡ ನೆಡುವುದೂ ಆರಾಧನೆ: ಮಲ್ಲಟದ ಎರೆ ನೆಲಕ್ಕೊಂದು ಕ್ರಮ, ಶಾಲೆಗೊಂದು ಹಾರೈಕೆ

ಮಣ್ಣು, ನೀರು, ಬೆಂಕಿ, ಗಾಳಿ, ಸಸ್ಯ ಈ ಐದನ್ನೂ ಜೈನ ಶಾಸ್ತ್ರ ಏಕೇಂದ್ರಿಯ ಜೀವಗಳೆಂದು ಕರೆಯುತ್ತದೆ. ಹೀಗಾಗಿ ಗಿಡ ನೆಡಲು ನೆಲಕ್ಕೆ ಗುದ್ದಲಿ ಹಾಕಿದಾಗಲೇ ಪೃಥ್ವೀಕಾಯ ಜೀವಕ್ಕೆ ನೋವಾಗುತ್ತದೆ, ಮಣ್ಣಿನೊಳಗಿನ ಇರುವೆ, ಎರೆಹುಳಗಳಿಗೂ ಆಗುತ್ತದೆ. ಅದಕ್ಕೇ ಮುನಿಗಳು ಸ್ವತಃ ನೆಲ ಅಗೆಯುವುದಿಲ್ಲ. ಮನೆ ಕಟ್ಟುವ, ಹೊಲ ಮಾಡುವ ಶ್ರಾವಕನಿಗೆ ಮಾತ್ರ ಈ ಆರಂಭೀ ಹಿಂಸೆ ಪೂರ್ತಿ ತಪ್ಪುವಂಥದ್ದಲ್ಲ. ಅವನಿಂದ ಕೇಳುವುದು ಯತ್ನಾಚಾರ, ಅಂದರೆ ಎಚ್ಚರದಿಂದ, ಬೇಕಾದಷ್ಟೇ ಮಾಡುವುದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ, ಕಾರಣವಿಲ್ಲದೆ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಗಿಡ ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಈ ಅಳತೆಗೋಲು ಹಿಡಿದರೆ ನಮ್ಮ ಅನೇಕ ವನಮಹೋತ್ಸವಗಳು ನಿಲ್ಲುವುದಿಲ್ಲ. ಫೋಟೋಕ್ಕಾಗಿ ಗುಂಡಿ ತೋಡಿ, ಸಸಿ ಇಟ್ಟು, ಮರುವಾರದಿಂದ ಅದರ ಕಡೆ ತಿರುಗಿಯೂ ನೋಡದಿದ್ದರೆ ಅದು ಅನರ್ಥದಂಡವೇ. ನೆಟ್ಟ ಗಿಡ ಬದುಕಿದರೆ ಮಾತ್ರ ಅಗೆದದ್ದಕ್ಕೆ ಅರ್ಥ ಬರುತ್ತದೆ. ಆಗ ಅದು ಹಕ್ಕಿ, ಅಳಿಲು, ದನಕರು, ದಾರಿಹೋಕ ಎಲ್ಲರಿಗೂ ನೆಲೆಯಾಗಿ, ನಾಲ್ಕು ದಾನಗಳಲ್ಲಿ ಒಂದಾದ ಅಭಯದಾನದ ಸಾಲಿಗೆ ಸೇರುತ್ತದೆ.

ಇಲ್ಲಿ ಮರಕ್ಕೆ ಪೂಜೆ ಇಲ್ಲ. ಅರಿಸಿನ ಕುಂಕುಮ, ದಾರ ಸುತ್ತುವುದು, ವರ ಬೇಡುವುದು ಇವು ಸಮ್ಯಕ್ತ್ವಕ್ಕೆ ಹೊಂದುವುದಿಲ್ಲ. ಆರಾಧನೆ ನಡೆಯುವುದು ನೆಡುವವನ ಭಾವದಲ್ಲಿ ಮತ್ತು ಅವನು ಹಿಡಿಯುವ ನೇಮದಲ್ಲಿ.

ಯಾವ ಗಿಡ

ಪ್ರತಿಯೊಬ್ಬ ತೀರ್ಥಂಕರರಿಗೂ ಅವರು ಕೇವಲಜ್ಞಾನ ಪಡೆದ ಒಂದು ಮರವಿದೆ. ಆದಿನಾಥರಿಗೆ ಆಲ, ಅನಂತನಾಥರಿಗೆ ಅರಳಿ, ಮಹಾವೀರರಿಗೆ ಶಾಲ. ಇದನ್ನು ಓದಿದವರು ಊರಿನ ಶಾಲೆಗೂ ಶಾಲವೃಕ್ಷವನ್ನೇ ತರಿಸಬೇಕೆಂದು ಹೊರಡುತ್ತಾರೆ. ಶಾಲ ಮಧ್ಯ ಮತ್ತು ಪೂರ್ವ ಭಾರತದ ಕಾಡಿನ ಮರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆ ಅದರ ನೆಲವಲ್ಲ. ಸಮವಸರಣದ ಅಶೋಕವೃಕ್ಷದ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ನರ್ಸರಿಯಲ್ಲಿ ‘ಅಶೋಕ’ ಎಂದು ಕೊಡುವ, ಕಂಬದಂತೆ ನೆಟ್ಟಗೆ ಏರುವ ಗಿಡವೇ ಬೇರೆ. ಕೆಂಪು–ಕಿತ್ತಳೆ ಗೊಂಚಲು ಹೂವಿನ ನಿಜವಾದ ಅಶೋಕ ಮಲೆನಾಡಿನ ತಂಪು ಕೇಳುವ ಮರ.

ಮಲ್ಲಟಕ್ಕೆ, ಹಾಗೆಯೇ ಮಾನ್ವಿ, ದೇವದುರ್ಗ ಕಡೆಯ ಊರುಗಳಿಗೆ, ಬೇವು ಮತ್ತು ಹೊಂಗೆ ಮೊದಲ ಆಯ್ಕೆ. ಅಂಗಳ ದೊಡ್ಡದಿದ್ದು ಗೋಡೆಯಿಂದ 40 ಅಡಿಯಾದರೂ ದೂರ ಸಿಕ್ಕರೆ ಒಂದು ಆಲ ನೆಡಬಹುದು. ಹತ್ತಿರ ನೆಟ್ಟರೆ ಅದರ ಬೇರು ಮುಂದೆ ಪಾಯವನ್ನೇ ಎತ್ತುತ್ತದೆ. ಆಲ, ಅರಳಿ, ಅತ್ತಿಯ ಹಣ್ಣುಗಳು ಪಂಚ ಉದುಂಬರದಲ್ಲಿ ಬರುತ್ತವಲ್ಲ, ನೆಡಬಹುದೇ ಎಂದು ಕೆಲವರು ಕೇಳುತ್ತಾರೆ. ಶ್ರಾವಕನಿಗೆ ನಿಷೇಧವಿರುವುದು ತ್ರಸಜೀವ ತುಂಬಿದ ಆ ಹಣ್ಣನ್ನು ತಿನ್ನುವುದಕ್ಕೆ. ಆದಿನಾಥರ ಮರವೇ ಆಲವಾಗಿರುವಾಗ ಅದರ ನೆರಳಿಗೆ ದೋಷವೆಲ್ಲಿಯದು?

ಹಬ್ಬದ ಲೆಕ್ಕದಲ್ಲಿ ಕೆಲಸದ ಲೆಕ್ಕ

ಗಿಡ ಸಾಯುವುದಕ್ಕೆ ಮೊದಲ ಕಾರಣ ತಪ್ಪು ದಿನ. ಮಹಾವೀರ ಜಯಂತಿ ಚೈತ್ರದಲ್ಲಿ ಬರುತ್ತದೆ, ಬಿಸಿಲು ಏರುವ ಹೊತ್ತು. ಆ ದಿನ ನೆಟ್ಟ ಸಸಿ ಬೇರು ಹಿಡಿಯುವ ಮೊದಲೇ ಸುಡುತ್ತದೆ. ಜೂನ್ 5ರ ಪರಿಸರ ದಿನವೂ ಈ ಸೀಮೆಗೆ ಬೇಗವೇ ಆಯಿತು. ಮುಂಗಾರಿನ ಒಂದೆರಡು ಮಳೆ ಬಿದ್ದು ನಡುವೆ ದಿನಗಟ್ಟಲೆ ಬಿಸಿಲು ಹೊಡೆಯುವುದು ಇಲ್ಲಿ ಸಾಮಾನ್ಯ, ಹೆಚ್ಚಿನ ಮಳೆ ಸೆಪ್ಟೆಂಬರಿನದು.

ನಮ್ಮ ಪಂಚಾಂಗದಲ್ಲೇ ಸರಿಯಾದ ದಿನಗಳಿವೆ. ಆದಿನಾಥರಿಗೆ ಶ್ರೇಯಾಂಸ ರಾಜ ಕಬ್ಬಿನ ರಸದ ಆಹಾರ ಕೊಟ್ಟ ಅಕ್ಷಯ ತದಿಗೆಯ ಹೊತ್ತಿಗೆ ಗುಂಡಿ ತೋಡಬೇಕು. ಆಗ ಎರೆ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ, ಎರೆಹುಳಗಳು ಆಳಕ್ಕೆ ಇಳಿದಿರುತ್ತವೆ. ಮಳೆಗಾಲದಲ್ಲಿ ಅದೇ ಜಾಗ ಅಗೆದರೆ ಹಿಡಿ ಮಣ್ಣಿನಲ್ಲೂ ಹುಳ ಸಿಗುತ್ತವೆ. ಚಾತುರ್ಮಾಸದಲ್ಲಿ ಮುನಿಗಳು ಒಂದೇ ಕಡೆ ನಿಲ್ಲುವುದೂ ಈ ಕಾರಣಕ್ಕೇ ಅಲ್ಲವೇ. ನೆಡುವುದಕ್ಕೆ ಗುರುಪೂರ್ಣಿಮೆಯ ಮರುದಿನ ಬರುವ ವೀರಶಾಸನ ಜಯಂತಿ ಒಳ್ಳೆಯದು. ಮಹಾವೀರರ ದಿವ್ಯಧ್ವನಿ ವಿಪುಲಾಚಲದಲ್ಲಿ ಮೊದಲು ಹೊಮ್ಮಿದ ದಿನ ಅದು. ಸಾಮಾನ್ಯವಾಗಿ ಜುಲೈನಲ್ಲಿ ಬರುತ್ತದೆ, ಶಾಲೆಯೂ ತೆರೆದಿರುತ್ತದೆ.

ಗುಂಡಿ ಉದ್ದ, ಅಗಲ, ಆಳ ಎರಡೆರಡು ಅಡಿ ಇದ್ದರೆ ಸಾಕು. ಮೇಲಿನ ಒಂದಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿ. ತುಂಬುವಾಗ ಅದಕ್ಕೆ ಒಂದು ಬುಟ್ಟಿ ಗರಸು ಅಥವಾ ಮರಳು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸೇರಿಸಿ. ಹಸಿ ಸಗಣಿ ಹಾಕಬಾರದು. ಅದರಲ್ಲಿ ಗೊಣ್ಣೆಹುಳ ಹುಟ್ಟುತ್ತದೆ, ಗೆದ್ದಲು ಬರುತ್ತದೆ, ಆಮೇಲೆ ಅದನ್ನು ಕೊಲ್ಲಲು ಔಷಧಿ ಹುಡುಕಿಕೊಂಡು ಹೋಗಬೇಕಾಗುತ್ತದೆ. ಹುಳ ಹುಟ್ಟದಂತೆ ನೋಡಿಕೊಳ್ಳುವುದೇ ಇಲ್ಲಿ ಅಹಿಂಸೆ. ಮಸಾರಿ ನೆಲವಾದರೆ ಗರಸು ಬೇಡ, ಗೊಬ್ಬರವನ್ನೇ ಸ್ವಲ್ಪ ಹೆಚ್ಚು ಹಾಕಬೇಕು.

ಸಸಿ ತರುವಾಗ ಪ್ಲಾಸ್ಟಿಕ್ ಚೀಲದ ತಳ ನೋಡಿ. ದಪ್ಪ ಬೇರು ಚೀಲ ತೂರಿ ನರ್ಸರಿಯ ನೆಲಕ್ಕೆ ಇಳಿದಿದ್ದರೆ, ಕೀಳುವಾಗ ಅದು ಹರಿದಿರುತ್ತದೆ. ನೋಡಲು ಎತ್ತರವಾಗಿದ್ದರೂ ಅಂಥ ಸಸಿ ಬದುಕುವುದು ಕಷ್ಟ. ಎರಡು ಮೂರು ಅಡಿಯ, ಬೇರು ಚೀಲದೊಳಗೇ ಇರುವ ಸಸಿ ಸಾಕು. ನೆಟ್ಟ ಮೇಲೆ ಬುಡದ ಮಣ್ಣು ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರವಿರಬೇಕು. ಎರೆ ಮಣ್ಣು ನೀರು ಬಿಡುವುದಿಲ್ಲ. ತಗ್ಗಿನಲ್ಲಿ ನೆಟ್ಟರೆ ಸೆಪ್ಟೆಂಬರಿನ ಮಳೆಗೆ ಬುಡ ಕೊಳೆತು, ತೇವವಿದ್ದರೂ ಎಲೆ ಹಳದಿಯಾಗಿ ಉದುರುತ್ತದೆ. ಅದನ್ನು ಬಾಯಾರಿಕೆ ಎಂದು ತಿಳಿದು ಮತ್ತೆ ನೀರು ಹಾಕಿದರೆ ಗಿಡ ಹೋದಂತೆಯೇ.

ಶಾಲೆಯಲ್ಲಿ ಹೇಳುವ ಹಾರೈಕೆ

ಸರ್ಕಾರಿ ಶಾಲೆಯಲ್ಲಿ ಎಲ್ಲ ಮತದ ಮಕ್ಕಳೂ ಇರುತ್ತಾರೆ. ಣಮೋಕಾರವನ್ನು ನಮ್ಮ ಮನೆಯವರು ಮನಸ್ಸಿನಲ್ಲಿ ಹೇಳಿಕೊಂಡರೆ ಸಾಕು. ಮಕ್ಕಳೆಲ್ಲ ಸೇರಿ ಹೇಳಲು ಸರಳ ಕನ್ನಡವೇ ಇರಲಿ. ಮೊದಲ ಕೊಡದ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ನೀರು ತಂದ ಜಾಗದಲ್ಲೇ ಜಾಲಿಸಿ ಜೀವಗಳನ್ನು ಬಿಟ್ಟು ಬರಬೇಕು. ಮಕ್ಕಳು ಇದನ್ನು ನೋಡುವಂತಾಗಲಿ. ಬಳಿಕ ಒಬ್ಬರು ಒಂದೊಂದು ಸಾಲು ಹೇಳುವುದು, ಉಳಿದವರು ಅದನ್ನೇ ಮರಳಿ ಹೇಳುವುದು:

ನಮ್ಮನ್ನು ಹೊತ್ತ ಈ ನೆಲಕ್ಕೆ ನಮಸ್ಕಾರ.
ಗುಂಡಿ ತೋಡುವಾಗ ನೊಂದ ಇರುವೆ, ಹುಳಗಳೇ, ನಮ್ಮನ್ನು ಕ್ಷಮಿಸಿ.
ಈ ಗಿಡ ನಮ್ಮದೊಬ್ಬರದಲ್ಲ, ಇದರ ನೆರಳು ಯಾರನ್ನೂ ಯಾರೆಂದು ಕೇಳದಿರಲಿ.
ಇದರ ಕೊಂಬೆ ಹಕ್ಕಿಗೆ ಮನೆಯಾಗಲಿ, ದಣಿದವರಿಗೆ ತಂಪಾಗಲಿ.
ಇದಕ್ಕೆ ಬಾಯಾರಿದಾಗ ನಮಗೆ ನೆನಪಾಗಲಿ.
ನಮ್ಮ ಕೈ ಸುಮ್ಮನೆ ಒಂದು ಎಲೆ ಹರಿಯದಿರಲಿ, ಒಂದು ಹನಿ ಚೆಲ್ಲದಿರಲಿ.
ನಮ್ಮೂರ ಹೊಲಕ್ಕೆ ಹೊತ್ತಿಗೆ ಸರಿಯಾಗಿ ಮಳೆ ಬರಲಿ.
ಎಲ್ಲ ಜೀವಕ್ಕೂ ಸುಖವಾಗಲಿ.

ಎರಡನೆಯ ಸಾಲನ್ನು ಬಿಡಬಾರದು. ಅದು ಆಲೋಚನೆ, ಮಾಡಿದ್ದನ್ನು ಒಪ್ಪಿ ಕ್ಷಮೆ ಕೇಳುವುದು. ಐದನೆಯದು ನೇಮ, ಅದನ್ನು ನಡೆಸುವುದಕ್ಕೆ ಲೆಕ್ಕ ಬೇಕು.

ಕೊಡದ ಲೆಕ್ಕ

ಮಳೆ ನಿಂತ ಮೇಲೆ, ಮಹಾವೀರರ ನಿರ್ವಾಣದ ದೀಪಾವಳಿಯಿಂದ ನೀರು ಹಾಕಲು ಶುರು ಮಾಡಬೇಕು. ಎರೆ ನೆಲದಲ್ಲಿ ದಿನಾ ಒಂದು ತಂಬಿಗೆ ಹಾಕುವುದಕ್ಕಿಂತ ವಾರಕ್ಕೊಮ್ಮೆ ಒಂದು ಕೊಡ, ಅಂದರೆ 15 ಲೀಟರ್, ನಿಧಾನವಾಗಿ ಹಾಕುವುದು ಮೇಲು. ತಂಬಿಗೆಯ ನೀರು ಮೇಲೆಯೇ ಆರುತ್ತದೆ, ಬೇರೂ ಮೇಲೆಯೇ ಉಳಿಯುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಸುಮಾರು 20 ವಾರ, 20 ಕೊಡ. ಏಪ್ರಿಲಿನಿಂದ ಜೂನ್ ಮಧ್ಯದವರೆಗೆ 10 ವಾರ, ವಾರಕ್ಕೆರಡು, ಮತ್ತೆ 20 ಕೊಡ. ಒಂದು ಗಿಡಕ್ಕೆ ಮೊದಲ ವರ್ಷ 40 ಕೊಡವಾಯಿತು. ಮಲ್ಲಟದ ಶಾಲೆಯಲ್ಲಿ ಐದು ಗಿಡ ನೆಟ್ಟರೆ 200 ಕೊಡ. ಇದರಲ್ಲಿ ಅರ್ಧ, ಬಹುತೇಕ ಶಾಲೆಗೆ ರಜೆ ಇರುವ ಕಾಲದಲ್ಲೇ ಬೇಕು! ಮಕ್ಕಳ ಮೇಲೆ ಬಿಟ್ಟರೆ ನಡೆಯದು. ಐದು ಮನೆಗಳು ತಲಾ ಒಂದು ಗಿಡದ ಹೊಣೆಯನ್ನು ನೇಮವಾಗಿ ಹಿಡಿದು, ಊರಿಗೆ ಹೋಗುವಾಗ ಯಾರಿಗೆ ವಹಿಸುತ್ತಾರೆ ಎಂಬುದನ್ನೂ ಮೊದಲೇ ಬರೆದಿಡಬೇಕು. ಮೂರು ಮನೆ ಮಾತ್ರ ಒಪ್ಪಿದರೆ ಮೂರೇ ಗಿಡ ನೆಡಿ.

ಮಾಗಡಿ ತಾಲ್ಲೂಕಿನ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಹುಲಿಕಲ್–ಕುದೂರು ರಸ್ತೆಯಲ್ಲಿ ಮೊದಲ ವರ್ಷ ನೆಟ್ಟದ್ದು ಹತ್ತೇ ಆಲದ ಸಸಿ, ಮರುವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ನೀರು ಹೊತ್ತರು, ಮುಳ್ಳಿನ ಬೇಲಿ ಕಟ್ಟಿದರು. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು. ಹೊರುವ ಕೈಗೆ ತಕ್ಕಷ್ಟೇ ಸಸಿ ಎಂಬ ಆ ಲೆಕ್ಕವನ್ನು ಯಾವ ಶಾಲೆಯಾದರೂ ತೆಗೆದುಕೊಳ್ಳಬಹುದು.

ಬೇಸಿಗೆಯಲ್ಲಿ ಎರೆ ನೆಲ ಬಿರಿದಾಗ ಬೇರು ಹರಿಯುತ್ತದೆ. ಮಹಾವೀರ ಜಯಂತಿಗೆ ಹೊಸ ಗಿಡ ನೆಡುವ ಬದಲು ಹಳೆಯ ಗಿಡದ ಸುತ್ತಲಿನ ಬಿರುಕಿಗೆ ಮಣ್ಣು ತುಂಬಿ, ಒಣ ಎಲೆ, ತೊಗರಿ ಹೊಟ್ಟು ಹರಡಿ. ಹೊಟ್ಟು ಕಾಂಡಕ್ಕೆ ತಾಗದೆ ಒಂದು ಗೇಣು ದೂರವಿರಲಿ, ಇಲ್ಲವಾದರೆ ಗೆದ್ದಲು ಅದರ ಮರೆಯಲ್ಲಿ ಕಾಂಡ ಹತ್ತುತ್ತದೆ. ಕಾಂಡದ ಮೇಲೆ ಮಣ್ಣಿನ ಪೊರೆ ಕಂಡರೆ ಪೊರಕೆ ಕಡ್ಡಿಯಿಂದ ಮೆಲ್ಲಗೆ ಉದುರಿಸಿ, ಹೊಟ್ಟು ಇನ್ನೂ ದೂರ ಸರಿಸಿ. ವಾರಕ್ಕೊಮ್ಮೆ ನೀರಿಗೆ ಬಂದಾಗ ಹೀಗೆ ಮಾಡಿದರೆ ಸಾಮಾನ್ಯವಾಗಿ ವಿಷದ ಮಾತೇ ಬರುವುದಿಲ್ಲ. ಫೆಬ್ರವರಿ–ಮಾರ್ಚ್‌ನಲ್ಲಿ ಬೇವಿನ ಎಲೆ ಪೂರ್ತಿ ಉದುರಿದರೆ ಹೆದರಿ ಕೀಳಬೇಡಿ, ಅದು ಅದರ ಕ್ರಮ, ಸ್ವಲ್ಪ ದಿನದಲ್ಲೇ ಕೆಂಪು ಚಿಗುರು ಬರುತ್ತದೆ.

ಆಡು ಈ ಸೀಮೆಯಲ್ಲಿ ಬಿಸಿಲಿಗಿಂತ ದೊಡ್ಡ ಶತ್ರು. ಬಳ್ಳಾರಿ ಜಾಲಿಯ ಮುಳ್ಳು ಎಲ್ಲ ಕಡೆ ಸಿಗುತ್ತದೆ, ಬೇಲಿಗೆಂದೇ ಹಸಿಯದನ್ನು ಕಡಿಯದೆ ಹೊಲದ ಬದುವಿನಲ್ಲಿ ಕಡಿದು ಬಿದ್ದ ಒಣ ಕೊಂಬೆ ತನ್ನಿ. ಎರಡನೆಯ ವರ್ಷ ನೀರು ಅರ್ಧಕ್ಕಿಳಿಸಬಹುದು. ಮೂರನೆಯ ಬೇಸಿಗೆ ದಾಟಿ, ತಲೆಯ ಎಲೆಗಳು ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾದ ಮೇಲೆ ಬೇಲಿ ತೆಗೆಯಬಹುದು. ತೆಗೆಯುವ ಮೊದಲು ಮುಳ್ಳಿನೊಳಗೆ ಹಕ್ಕಿಯ ಗೂಡಿದೆಯೇ ನೋಡಬೇಕು. ಇದ್ದರೆ ಮರಿಗಳು ಹಾರಿಹೋಗುವವರೆಗೆ ಬೇಲಿ ಹಾಗೆಯೇ ಇರಲಿ.